ಕೋರ್ ತಣ್ಣಗಿದ್ದು ಮೆಮೊರಿ ಮಾತ್ರ ಕಾಯುವ ಗ್ರಾಫಿಕ್ಸ್ ಕಾರ್ಡ್‌ಗೆ ಯಾವ ಪ್ಯಾಡ್?

"ಹಳೇ ಆರ್‌ಟಿಎಕ್ಸ್ 3080 ಇದೆ. ಗೇಮ್ ಆಡುವಾಗ ಕೋರ್ 68 ಡಿಗ್ರಿ, ಮೆಮೊರಿ ಮಾತ್ರ 108. ಥರ್ಮಲ್ ಪ್ಯಾಡ್, ಪೇಸ್ಟ್ ನಾನೇ ಬದಲಾಯಿಸಬಹುದಾ? ಎಷ್ಟು ದಪ್ಪದ ಪ್ಯಾಡ್ ತಗೋಬೇಕು?"

ಬದಲಾಯಿಸಬಹುದು. ಬಿಚ್ಚೋದು, ಒರೆಸೋದು ಸುಲಭ. ಕಷ್ಟ ಇರೋದೆಲ್ಲ ನಿಮ್ಮ ಕೊನೇ ಪ್ರಶ್ನೆಯಲ್ಲೇ. ನನ್ನದೂ ಇದೇ ಚಿಪ್ ಇರುವ ಕಾರ್ಡ್. ಪ್ಯಾಡ್ ವಿಷಯದಲ್ಲಿ ಎಡವಿದ್ದರಿಂದ ಎರಡು ಸಲ ಬಿಚ್ಚಬೇಕಾಯ್ತು.

ಈ ಕಾರ್ಡ್‌ನ ಮೆಮೊರಿ 110 ಡಿಗ್ರಿ ಮುಟ್ಟುತ್ತಿದ್ದಂತೆ ತಾನೇ ವೇಗ ಇಳಿಸಿಕೊಳ್ಳುತ್ತೆ. ನಿಮ್ಮದು ಆ ಅಂಚಿನಲ್ಲೇ ಇದೆ. ಕೋರ್ 68ರಲ್ಲೇ ಇದೆ ಅಂದರೆ ಫ್ಯಾನ್, ಹೀಟ್‌ಸಿಂಕ್ ಸರಿಯಾಗೇ ಕೆಲಸ ಮಾಡ್ತಿವೆ. ಮೆಮೊರಿಯ ಬಿಸಿ ಹೀಟ್‌ಸಿಂಕ್‌ವರೆಗೆ ಹೋಗ್ತಿಲ್ಲ, ಅಷ್ಟೇ. ನನ್ನ ಕಾರ್ಡ್ ತೆರೆದಾಗ ಹಳೇ ಪ್ಯಾಡ್‌ಗಳು ಒಣಗಿ, ಬೆರಳು ತಾಗಿದರೆ ಪುಡಿಯಾಗುವ ಹಾಗಿದ್ದವು. ಅವುಗಳಿಂದ ಸೋರಿದ ಎಣ್ಣೆ ಬೋರ್ಡ್ ಮೇಲೆ ಜಿಡ್ಡುಗಟ್ಟಿತ್ತು.

ಈಗ ದಪ್ಪದ ವಿಷಯ. ಹೀಟ್‌ಸಿಂಕ್ ಕೋರ್ ಮೇಲೆ ಕೂರೋದು ಕೂದಲೆಳೆಯಷ್ಟು ಪೇಸ್ಟ್ ಮಧ್ಯೆ ಇಟ್ಟುಕೊಂಡು. ಸುತ್ತ ಇರುವ 10 ಮೆಮೊರಿ ಚಿಪ್‌ಗಳಿಗೂ ಹೀಟ್‌ಸಿಂಕ್‌ಗೂ ನಡುವೆ ಮಾತ್ರ ಸಂದು ಇರುತ್ತೆ, ಅದನ್ನು ಪ್ಯಾಡ್ ತುಂಬುತ್ತೆ. ಪ್ಯಾಡ್ ತೆಳುವಾದರೆ ಮೆಮೊರಿಗೆ ಹೀಟ್‌ಸಿಂಕ್ ತಾಗಲ್ಲ. ದಪ್ಪವಾದರೆ ಅಥವಾ ಗಟ್ಟಿಯಾದರೆ ಪ್ಯಾಡೇ ಹೀಟ್‌ಸಿಂಕನ್ನು ಎತ್ತಿ ಹಿಡಿದು, ಕೋರ್ ಮೇಲೆ ಸರಿಯಾಗಿ ಕೂರೋಕೆ ಬಿಡಲ್ಲ.

ನಾನು ಮೊದಲ ಸಲ ಮಾಡಿದ್ದು ಇದನ್ನೇ. ಹಳೇ ಪ್ಯಾಡ್ 2 ಮಿಲಿಮೀಟರ್ ಇತ್ತು ಅಂತ ಹೊಸದನ್ನೂ 2 ಮಿಲಿಮೀಟರಿನದ್ದೇ ತಂದು ಹಾಕಿದೆ. ಮೆಮೊರಿ 108ರಿಂದ 82ಕ್ಕೆ ಇಳೀತು. ಗೆದ್ದೆ ಅಂದುಕೊಂಡೆ. ಸಂಜೆ ತಾಪಮಾನ ತೋರಿಸುವ HWiNFO64ನಲ್ಲಿ ನೋಡಿದರೆ ಕೋರ್‌ನ GPU Temperature 79, ಅದರಲ್ಲೇ ಅತಿ ಬಿಸಿ ಜಾಗದ GPU Hot Spot Temperature 104! ಮೊದಲು ಇವೆರಡರ ನಡುವೆ ಇದ್ದ ಅಂತರ 13 ಡಿಗ್ರಿ, ಈಗ 25. ಮತ್ತೆ ಬಿಚ್ಚಿದೆ. ಕೋರ್ ಮೇಲಿನ ಪೇಸ್ಟ್ ಹಚ್ಚಿದ ಹಾಗೇ ದಪ್ಪಗೆ ಕೂತಿತ್ತು. ಪ್ಯಾಡ್‌ಗಳ ಮೇಲೆ ಚಿಪ್‌ನ ಅಚ್ಚು ಕೂಡ ನೆಟ್ಟಗೆ ಬಿದ್ದಿರಲಿಲ್ಲ.

ಅಳತೆ ಸರಿಯೇ ಇತ್ತು, ತಪ್ಪಿದ್ದು ಗಟ್ಟಿತನ. ಕಂಪನಿ ಹಾಕಿದ್ದ ಪ್ಯಾಡ್ ಮೆತ್ತಗಿತ್ತು, ಒತ್ತಿದಾಗ ಒಂದೂವರೆ ಮಿಲಿಮೀಟರ್‌ಗೆ ಕುಗ್ಗಿತ್ತು. ಶಾಖ ಚೆನ್ನಾಗಿ ದಾಟಿಸುತ್ತೆ ಅಂತ ನಾನು ಆರಿಸಿಕೊಂಡದ್ದು ರಬ್ಬರಿನಂಥ ಗಟ್ಟಿ ಪ್ಯಾಡ್, ಅದು ಕುಗ್ಗಲೇ ಇಲ್ಲ. ಹಾಗಾಗಿ ನೀವು ಹಳೇ ಪ್ಯಾಡ್ ಬಿಸಾಡುವ ಮುಂಚೆ ಎರಡು ಕಡೆ ಅಳೆಯಿರಿ. ಚಿಪ್‌ನಿಂದ ಆಚೆ ಚಾಚಿಕೊಂಡ ಅಂಚು ಮೂಲ ದಪ್ಪ ಹೇಳುತ್ತೆ, ಚಿಪ್ ಒತ್ತಿದ ನಡುಭಾಗ ನಿಜವಾದ ಸಂದು ಎಷ್ಟು ಅಂತ ಹೇಳುತ್ತೆ. ಕ್ಯಾಲಿಪರ್ ಅನ್ನು ಹಗುರಾಗಿ ತಾಗಿಸಿ ಸಾಕು, ಒತ್ತಿದರೆ ಅಳತೆ ಸುಳ್ಳಾಗುತ್ತೆ. ಬೇರೆಯವರು ಹೇಳಿದ ಅಂಕಿ ನಂಬಬೇಡಿ. ಚಿಪ್ ಒಂದೇ ಆದರೂ ಹೀಟ್‌ಸಿಂಕ್ ಒಂದೊಂದು ಕಂಪನಿಯದ್ದು ಒಂದೊಂದು ಥರ. ಪವರ್ ಭಾಗದ ಪ್ಯಾಡ್‌ಗಳ ದಪ್ಪವೂ ಬೇರೆ ಇರಬಹುದು, ತೆಗೆಯುವ ಮುಂಚೆ ಫೋಟೋ ಹೊಡ್ಕೊಳ್ಳಿ.

ಎರಡನೇ ಸಲ ನಾನು ಪ್ಯಾಡ್ ಸಹವಾಸವೇ ಬಿಟ್ಟು ಥರ್ಮಲ್ ಪುಟ್ಟಿ ಹಾಕಿದೆ. ಪ್ರತಿ ಚಿಪ್ ಮೇಲೆ ಒಂದು ಸಣ್ಣ ಉಂಡೆ. ಸ್ಕ್ರೂ ಬಿಗಿದಾಗ ಅದು ಸಂದಿಗೆ ತಕ್ಕಷ್ಟೇ ಹರಡಿ ನಿಲ್ಲುತ್ತೆ, ಹೆಚ್ಚಾದದ್ದು ಪಕ್ಕಕ್ಕೆ ಸರಿಯುತ್ತೆ. ನನ್ನನ್ನ ಕೇಳಿದರೆ ಮೊದಲ ಸಲ ಮಾಡುವವರಿಗೂ ಇದೇ ವಾಸಿ. ಕೆರೆದು ತೆಗೆಯೋದು ಮಾತ್ರ ಗಲೀಜು ಕೆಲಸ.

ಬಿಚ್ಚುವ ಮುಂಚೆ ಹತ್ತು ನಿಮಿಷ ಗೇಮ್ ಓಡಿಸಿ, ಆಮೇಲೆ ಆಫ್ ಮಾಡಿ ಕಾರ್ಡ್ ಹೊರತೆಗೆಯಿರಿ. ಬಿಸಿಗೆ ಹಳೇ ಪೇಸ್ಟ್ ಸಡಿಲವಾಗಿರುತ್ತೆ. ಸ್ಕ್ರೂ ತೆಗೆದ ಮೇಲೂ ಹೀಟ್‌ಸಿಂಕ್ ಅಂಟಿಕೊಂಡಿದ್ದರೆ ಮೀಟಬೇಡಿ, ಹಗುರಾಗಿ ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ. ಒಳಗೆ ಫ್ಯಾನ್ ವೈರ್ ಗಿಡ್ಡ ಇರುತ್ತೆ. ಒಮ್ಮೆಗೇ ಎಳೆಯದೆ ಪುಸ್ತಕ ತೆರೆದಂತೆ ತೆರೆದು, ಕನೆಕ್ಟರ್ ಹಿಡಿದು ಬಿಡಿಸಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಜಿಡ್ಡೆಲ್ಲ ಒರೆಸಿ. ಪೇಸ್ಟನ್ನು ಕೋರ್‌ನ ನಾಲ್ಕೂ ಮೂಲೆ ಮುಚ್ಚುವಂತೆ ಹರಡಿ; ಮಧ್ಯೆ ಒಂದು ಬೊಟ್ಟು ಇಟ್ಟರೆ ಮೂಲೆ ಬಿಟ್ಟುಹೋಗಬಹುದು. ಕೋರ್ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕೊನೆಗೆ ನನ್ನದು ನಿಂತಿದ್ದು ಮೆಮೊರಿ 88, ಕೋರ್ 67, ಹಾಟ್ ಸ್ಪಾಟ್ 80. ಗಟ್ಟಿ ಪ್ಯಾಡ್‌ನಲ್ಲಿದ್ದ 82ಕ್ಕಿಂತ ಮೆಮೊರಿ ಬಿಸಿ ಹೆಚ್ಚೇ, ಆದರೆ ಕಾರ್ಡ್‌ಗೆ ಇದೇ ಒಳ್ಳೇದು. ನೀವು ಜೋಡಿಸಿದ ಮೇಲೆ ಮೆಮೊರಿ ಅಂಕಿಗೂ ಮುಂಚೆ ಕೋರ್‌ಗೂ ಹಾಟ್ ಸ್ಪಾಟ್‌ಗೂ ಅಂತರ ಎಷ್ಟು ಅಂತ ನೋಡಿ. ಈಗಿನ ಅಂತರವನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಅದು ಬೆಳೆದು 20 ದಾಟಿದ್ದರೆ ಮತ್ತೆ ಬಿಚ್ಚೋದೇ.