ಒರೆಸಿದರೂ ಬೆಂಡೆಕಾಯಿ ಪಲ್ಯ ಲೋಳೆಯಾಗುವುದೇಕೆ?

ಪ್ರಶ್ನೆ: ಬೆಳಿಗ್ಗೆ ಏಳೂವರೆಗೆ ಡಬ್ಬಿ ಕಟ್ಟಬೇಕು. ಹಾಗಾಗಿ ರಾತ್ರಿಯೇ ಅರ್ಧ ಕೆಜಿ ಬೆಂಡೆಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಸಣ್ಣಗೆ ಹೆಚ್ಚಿ ಫ್ರಿಜ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಒಗ್ಗರಣೆಗೆ ಹಾಕಿ, ಉಪ್ಪು ಉದುರಿಸಿ, ಮುಚ್ಚಿ ಬೇಯಿಸಿದರೆ ಲೋಳೆ ಲೋಳೆ. ಹುಳಿಗೆ ಹಾಕಿದರೂ ಅದೇ ಕಥೆ. ಒರೆಸುವುದರಲ್ಲೇ ಏನಾದರೂ ತಪ್ಪಾಗುತ್ತಿದೆಯೇ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಒರೆಸುವುದರಲ್ಲಿ ತಪ್ಪಿಲ್ಲ. ಎಡವುತ್ತಿರುವುದು ಅದಾದ ಮೇಲೆ. ಬಟ್ಟೆಯಿಂದ ಹೋಗುವುದು ಕಾಯಿಯ ಮೇಲಿನ ನೀರು ಮಾತ್ರ. ಬೆಂಡೆಕಾಯಿಯ ತೂಕದಲ್ಲಿ ಸುಮಾರು ನೂರಕ್ಕೆ 90 ಪಾಲು ನೀರೇ ಇರುತ್ತದೆ. ಅಂದರೆ ನಿಮ್ಮ ಅರ್ಧ ಕೆಜಿ ಕಾಯಿಯೊಳಗೆ ಹೆಚ್ಚು ಕಡಿಮೆ 450 ಗ್ರಾಂ ನೀರಿದೆ. ಲೋಳೆ ಎನ್ನುವುದು ಸಕ್ಕರೆಯ ಅಣುಗಳು ಉದ್ದಕ್ಕೆ ಹೆಣೆದುಕೊಂಡ ಒಂದು ಬಗೆಯ ಅಂಟು. ಕಾಯಿ ಇಡಿಯಾಗಿರುವಾಗ ಅದು ಒಳಗೇ ಇರುತ್ತದೆ. ಚಾಕು ತಾಗಿದಲ್ಲಿ ಹೊರಬರುತ್ತದೆ, ನೀರು ಸಿಕ್ಕಷ್ಟೂ ಹೀರಿ ಉಬ್ಬಿ ನೂಲು ಬಿಡುತ್ತದೆ. ನೀವು ರಾತ್ರಿ ಹೆಚ್ಚಿದ್ದು, ಸಣ್ಣಗೆ ಹೆಚ್ಚಿದ್ದು, ಮೊದಲೇ ಉಪ್ಪು ಹಾಕಿದ್ದು, ಮುಚ್ಚಿದ್ದು, ಈ ನಾಲ್ಕೂ ಸೇರಿ ಆ ನೀರನ್ನು ಹೊರಗೆಳೆದು ಬಾಣಲೆಯಲ್ಲೇ ಹಿಡಿದಿಟ್ಟಿವೆ.

ಮೊದಲು ರಾತ್ರಿಯ ಕೆಲಸ. ತೊಳೆಯುವುದು, ಒಣಗಿಸುವುದು ರಾತ್ರಿಯೇ ಮುಗಿಯಲಿ, ಹೆಚ್ಚುವುದು ಮಾತ್ರ ಬೆಳಿಗ್ಗೆಗೆ ಇರಲಿ. ತೊಳೆದ ಕಾಯಿಯನ್ನು ತೊಟ್ಟಿನಿಂದ ತುದಿಯ ಕಡೆಗೆ ಒಂದೊಂದಾಗಿ ಒರೆಸಿ. ನೀರು ಅಡಗುವುದು ಏಣುಗಳ ನಡುವಿನ ಗೆರೆಯಲ್ಲಿ ಮತ್ತು ತೊಟ್ಟಿನ ಟೋಪಿಯ ಸುತ್ತ. ಆಮೇಲೆ ಒಣ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನಿನ ಕೆಳಗೆ ಒಂದು ಗಂಟೆ ಬಿಡಿ. ಆಷಾಢದ ಜಿಟಿಜಿಟಿ ಮಳೆಯ ದಿನಗಳಲ್ಲಿ ನಮ್ಮ ಊರಿನ ಗಾಳಿಯಲ್ಲೇ ತೇವವಿರುತ್ತದೆ, ಎರಡು ಗಂಟೆ ಬೇಕಾದೀತು. ಒಣಗಿದೆಯೋ ಇಲ್ಲವೋ ನೋಡಲು ಒಂದೆರಡು ಕಾಯಿಯನ್ನು ಟಿಶ್ಯೂ ಪೇಪರಿನ ಮೇಲೆ ಒತ್ತಿ ಉರುಳಿಸಿ. ಒದ್ದೆ ಗುರುತು ಬಿದ್ದರೆ ಇನ್ನೂ ಆಗಿಲ್ಲ. ಆದ ಮೇಲೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿಡಿ. ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ತೆಗೆದು ಬಟ್ಟೆ ಬಿಡಿಸಿ ಹರಡಿ. ತಣ್ಣಗಿನ ಕಾಯಿಯ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಅದೇ ಹನಿಯ ಮೇಲೆ ಚಾಕು ಆಡಿಸಿದರೆ ಹಿಂದಿನ ರಾತ್ರಿಯ ಶ್ರಮವೆಲ್ಲ ನೀರುಪಾಲು. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಒರೆಸಿಕೊಳ್ಳಿ.

ಬೆಳಿಗ್ಗೆ ಹೆಚ್ಚಲು ಪುರುಸೊತ್ತೇ ಇಲ್ಲ ಎಂದಾದರೆ ಹಸಿಯಾಗಿ ಹೆಚ್ಚಿಡುವ ಬದಲು ರಾತ್ರಿಯೇ ಹೆಚ್ಚಿ, ಉಪ್ಪಿಲ್ಲದೆ ಎಣ್ಣೆಯಲ್ಲಿ ನೂಲು ಹೋಗುವವರೆಗೆ ಬಾಡಿಸಿ, ಪೂರ್ತಿ ಆರಿಸಿ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಒಗ್ಗರಣೆ, ಉಪ್ಪು, ಖಾರ ಅಷ್ಟೇ ಉಳಿಯುತ್ತದೆ. ಹಸಿ ಹೋಳುಗಳು ಮುಚ್ಚಿದ ಡಬ್ಬಿಯಲ್ಲಿ ಇಡೀ ರಾತ್ರಿ ಕುಳಿತರೆ ಕೊಯ್ದ ಮುಖಗಳೆಲ್ಲ ಒಸರಿ, ಒಂದಕ್ಕೊಂದು ಅಂಟಿ, ಬೆಳಿಗ್ಗೆ ಮುದ್ದೆಯಾಗಿರುತ್ತವೆ. ಅದನ್ನು ನೋಡಿ ಮತ್ತೆ ತೊಳೆಯುವವರೂ ಇದ್ದಾರೆ. ಅದಂತೂ ಬೇಡವೇ ಬೇಡ.

ಇನ್ನು ಹೆಚ್ಚುವ ಲೆಕ್ಕ. ಹತ್ತು ಸೆಂಟಿಮೀಟರ್ ಉದ್ದದ ಒಂದು ಕಾಯಿಯನ್ನು ಅರ್ಧ ಸೆಂಟಿಮೀಟರಿನ ಬಿಲ್ಲೆಗಳಾಗಿ ಹೆಚ್ಚಿದರೆ ಇಪ್ಪತ್ತು ಹೋಳು. ಚಾಕು ಹತ್ತೊಂಬತ್ತು ಸಲ ಆಡುತ್ತದೆ, ಒಂದೊಂದು ಸಲಕ್ಕೆ ಎರಡು ಮುಖ ತೆರೆದು ಒಟ್ಟು 38 ಮುಖಗಳಿಂದ ಲೋಳೆ ಹೊರಬರುತ್ತದೆ. ಅದೇ ಕಾಯಿಯನ್ನು ಎರಡು ಸೆಂಟಿಮೀಟರಿಗೆ ಹೆಚ್ಚಿದರೆ ಐದೇ ಹೋಳು, ಎಂಟೇ ಮುಖ. ಡಬ್ಬಿಯ ಪಲ್ಯಕ್ಕೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಸರಿ. ತೆಳು ಬಿಲ್ಲೆ ಬೇಕೆಂದರೆ ಎಣ್ಣೆ ಧಾರಾಳವಾಗಿ ಹಾಕಿ ಗರಿಗರಿಯಾಗಿ ಹುರಿಯಬೇಕು, ನಡುವಿನ ದಾರಿ ಇಲ್ಲ. ಚಾಕುವಾಗಲಿ ಈಳಿಗೆಮಣೆಯಾಗಲಿ, ಹತ್ತು ಕಾಯಿಗೊಮ್ಮೆ ಅಲಗನ್ನು ಒಣ ಬಟ್ಟೆಯಿಂದ ಒರೆಸಿ. ಒದ್ದೆ ಕೈಯಿಂದ ಮುಟ್ಟಬೇಡಿ. ಹೆಚ್ಚಿದ್ದನ್ನು ಪಾತ್ರೆಯಲ್ಲಿ ರಾಶಿ ಹಾಕದೆ ಅಗಲವಾದ ತಟ್ಟೆಯಲ್ಲಿ ಹರಡಿ. ಬಿಸಿಲಿದ್ದರೆ ಮೊರದಲ್ಲಿ ಹರಡಿ ಅರ್ಧ ಗಂಟೆ ಬಿಸಿಲಿಗಿಡುವ ಹಳೆಯ ಪದ್ಧತಿ ನಿಜಕ್ಕೂ ಕೆಲಸ ಮಾಡುತ್ತದೆ, ಕೊಯ್ದ ಮುಖ ಒಣಗುತ್ತದೆ. ತುದಿ ಮುರಿದರೆ ಟಕ್ಕೆಂದು ಮುರಿಯುವ ಎಳೆಗಾಯಿಯನ್ನೇ ಕೊಳ್ಳಿ. ಬಲಿತ ಕಾಯಿ ಬೇಯುವುದಿಲ್ಲ, ಬೇಯಿಸಲು ನೀರು ಚಿಮುಕಿಸಬೇಕೆನಿಸುತ್ತದೆ, ಅಲ್ಲಿಗೆ ಕೆಟ್ಟಿತು.

ಒಲೆಯ ಮೇಲಿನ ಕೆಲಸಕ್ಕೆ ಸ್ವಲ್ಪ ಹೆಚ್ಚು ಗಮನ ಬೇಕು, ಏಕೆಂದರೆ ಲೋಳೆ ಹೋಗುವುದೂ ಉಳಿಯುವುದೂ ಇಲ್ಲೇ ತೀರ್ಮಾನ. ಹೊರಬರುವ ನೀರು ಹೋಳಿನ ಮೇಲೆ ಕೂರುವ ಮೊದಲೇ ಆವಿಯಾಗಿ ಹೋಗುವಷ್ಟು ಬಿಸಿ ಇರಬೇಕು, ಆ ಆವಿಗೆ ಹೊರಹೋಗಲು ದಾರಿಯೂ ಇರಬೇಕು. ಅದಕ್ಕೇ ಬಾಣಲೆ ಅಗಲವಾಗಿರಬೇಕು. ಅರ್ಧ ಕೆಜಿಗೆ ಕನಿಷ್ಠ 28 ಸೆಂಟಿಮೀಟರ್ ಅಗಲದ, ತಳ ದಪ್ಪಗಿರುವ ಪಾತ್ರೆ. ಚಿಕ್ಕದೇ ಇದ್ದರೆ ಎರಡು ಸಲ ಮಾಡಿ. ಹೋಳುಗಳು ರಾಶಿಯಾದರೆ ಕೆಳಗಿನವುಗಳ ಆವಿಯಲ್ಲಿ ಮೇಲಿನವು ಬೇಯುತ್ತವೆ. ಕಬ್ಬಿಣದ ಬಾಣಲೆ ಬಿಸಿಯನ್ನು ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಬೆಂಡೆಕಾಯಿ ಅದರಲ್ಲಿ ಕಪ್ಪಾಗುತ್ತದೆ, ಹುಳಿ ಬಿದ್ದರೆ ಇನ್ನಷ್ಟು. ರುಚಿಗೆ ಅಂಥ ಕೊರತೆಯಿಲ್ಲ, ನೋಟಕ್ಕೆ ಬೇಸರ.

ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ. ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗು, ಕರಿಬೇವು ಹಾಕಿ. ಕರಿಬೇವೂ ಒಣಗಿರಲಿ. ಬೇಳೆ ಕೆಂಪಾಗುತ್ತಲೇ ಹೋಳುಗಳನ್ನು ಸುರಿದು ಉರಿ ಜೋರಾಗಿಡಿ. ಹಾಕಿದ ಕೂಡಲೇ ಚುರ್ರೆಂಬ ಸದ್ದು ಬರಬೇಕು, ಬರುತ್ತಲೇ ಇರಬೇಕು. ಸದ್ದು ಅಡಗಿ ಗುಳುಗುಳು ಅಂದರೆ ನೀರು ನಿಂತಿದೆ ಎಂದರ್ಥ. ಒಮ್ಮೆ ಎಣ್ಣೆ ಹತ್ತುವಂತೆ ಮಗುಚಿ ಎರಡು ನಿಮಿಷ ಮುಟ್ಟಬೇಡಿ. ಆಮೇಲೂ ಎರಡು ನಿಮಿಷಕ್ಕೊಮ್ಮೆ ತಳದಿಂದ ಎತ್ತಿ ಮಗುಚಿದರೆ ಸಾಕು. ಪದೇ ಪದೇ ಕೈಯಾಡಿಸಿದರೆ ಹೋಳಿನ ಅಂಚು ಒಡೆದು ಹೊಸ ಲೋಳೆ ಬರುತ್ತದೆ.

ಮೂರು ನಾಲ್ಕು ನಿಮಿಷವಾದಾಗ ಸೌಟು ಎತ್ತಿದರೆ ಬಿಳಿ ನೂಲುಗಳು ಎಳೆಯುತ್ತವೆ. ಬಹಳ ಜನ ಕೈಚೆಲ್ಲುವುದು ಇಲ್ಲೇ, ಗಾಬರಿಯಾಗಿ ಮುಚ್ಚಳ ಹಾಕಿಬಿಡುತ್ತಾರೆ. ಆದರೆ ಹೀಗೆ ನೂಲು ಬರುವುದು ಸಹಜ, ಹೋಳಿನೊಳಗಿನ ನೀರು ಹೊರಬರುವ ಹೊತ್ತದು. ಹಾಗೇ ಮುಂದುವರಿಸಿ. ಆರೇಳು ನಿಮಿಷಕ್ಕೆ ನೂಲು ಗಿಡ್ಡವಾಗಿ ತುಂಡಾಗುತ್ತದೆ. ಹತ್ತು ನಿಮಿಷದ ಹೊತ್ತಿಗೆ ಸೌಟಿಗೆ ಏನೂ ಅಂಟದೆ ಹೋಳುಗಳು ಬಿಡಿಬಿಡಿಯಾಗಿ ಉರುಳುತ್ತವೆ, ಅಂಚು ಅಲ್ಲಲ್ಲಿ ಕಂದು ತಿರುಗಿರುತ್ತದೆ. ಗಡಿಯಾರಕ್ಕಿಂತ ನೂಲನ್ನೇ ನಂಬಿ, ಏಕೆಂದರೆ ಬರ್ನರ್, ಬಾಣಲೆ, ಕಾಯಿಯ ಎಳಸುತನ ಒಂದೊಂದು ಮನೆಯಲ್ಲಿ ಒಂದೊಂದು ಥರ. ಆಗ ಉರಿ ತಗ್ಗಿಸಿ ಒಂದು ಚಿಕ್ಕ ಚಮಚ ಉಪ್ಪು, ಹುಳಿಪುಡಿ ಹಾಕಿ ಎರಡು ಮೂರು ನಿಮಿಷ ಬಾಡಿಸಿ. ಉಪ್ಪು ಕೊಯ್ದ ಮುಖದಿಂದ ನೀರೆಳೆಯುವುದರಿಂದಲೇ ಅದಕ್ಕೆ ಕೊನೆಯ ಸರದಿ. ಕಾಯಿತುರಿಯಲ್ಲೂ ತೇವವಿದೆ, ಒಲೆ ಆರಿಸಿ ಉದುರಿಸಿ.

ಹುಳಿಯ ಪಾತ್ರವೂ ಇದೆ. ಲೋಳೆಯ ಉದ್ದನೆಯ ಎಳೆಗಳ ಮೇಲೆ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ಚಾಚಿಕೊಂಡಿರುತ್ತವೆ, ಅದಕ್ಕೇ ಅಷ್ಟು ಅಂಟು. ಹುಳಿ ಸೇರಿದಾಗ ಆ ತಳ್ಳಾಟ ತಗ್ಗಿ ಎಳೆಗಳು ಮುದುಡಿಕೊಳ್ಳುತ್ತವೆ, ರಸ ತೆಳುವಾಗುತ್ತದೆ. ಅರ್ಧ ಕೆಜಿಗೆ ಒಂದು ದೊಡ್ಡ ಚಮಚ ಹುಳಿ ಮೊಸರು, ಅಥವಾ ಗೋಲಿ ಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ ಸಾಕು. ಐದಾರು ನಿಮಿಷ ಬಾಡಿ ಅರ್ಧ ಬೆಂದ ಮೇಲೆ ಹಾಕಿ, ಅದರ ನೀರು ಒಂದೇ ನಿಮಿಷದಲ್ಲಿ ಆರುತ್ತದೆ. ತೀರಾ ಮೊದಲೇ ಹಾಕಿದರೆ ಹೋಳು ಮೆತ್ತಗಾಗಲು ತಡವಾಗುತ್ತದೆ, ಹಸಿರು ಬಣ್ಣವೂ ಮಂಕಾಗುತ್ತದೆ. ಬಣ್ಣ ಉಳಿಯಲೆಂದು ಚಿಟಿಕೆ ಸೋಡಾ ಹಾಕುವವರಿಗೆ ಒಂದು ಮಾತು: ಸೋಡಾ ಹುಳಿಯ ನೇರ ವಿರುದ್ಧ, ಇದ್ದ ಲೋಳೆಯನ್ನು ಉಳಿಸಿ ಬೆಳೆಸುತ್ತದೆ.

ಹುಳಿ ಮಾಡುವಾಗ ಬೇಳೆಯ ಜೊತೆ ಕುಕ್ಕರಿಗೆ ಹಾಕಬೇಡಿ. ತೊಟ್ಟಿನ ಟೋಪಿಯನ್ನು ಮಾತ್ರ ಹೆರೆದು, ಮೂರು ಸೆಂಟಿಮೀಟರಿನ ದೊಡ್ಡ ಹೋಳು ಮಾಡಿ, ಮೇಲೆ ಹೇಳಿದಂತೆ ನೂಲು ಹೋಗುವವರೆಗೆ ಬಾಡಿಸಿ ಎತ್ತಿಟ್ಟುಕೊಳ್ಳಿ. ಹುಣಸೆರಸ, ಬೇಳೆ, ರುಬ್ಬಿದ ಮಸಾಲೆ ಎಲ್ಲ ಸೇರಿ ಮರಳಿದ ಮೇಲೆ ಹೋಳು ಹಾಕಿ ಐದು ನಿಮಿಷ ಕುದಿಸಿದರೆ ಮುಗಿಯಿತು.

ಅಷ್ಟಾದರೂ ಒಂದು ದಿನ ಪಲ್ಯ ಅಂಟಾಯಿತೆನ್ನಿ. ಮುಚ್ಚಳ ತೆಗೆದು, ಹೋಳುಗಳನ್ನು ಬಾಣಲೆಯ ಉದ್ದಗಲಕ್ಕೆ ಹರಡಿ, ಉರಿ ಹೆಚ್ಚಿಸಿ, ಅರ್ಧ ಹೋಳು ನಿಂಬೆರಸ ಹಿಂಡಿ ಮೂರು ನಿಮಿಷ ಬಿಡಿ. ಇಳಿಸುವ ಮುನ್ನ ಎರಡು ಚಮಚ ಹುರಿಗಡಲೆ ಪುಡಿ ಉದುರಿಸಿದರೆ ಉಳಿದ ತೇವ ಅದಕ್ಕೆ ಹೋಗುತ್ತದೆ. ಪೂರ್ತಿ ಸರಿಹೋಗದಿದ್ದರೂ ತಿನ್ನಲು ಅಡ್ಡಿಯಿಲ್ಲ.

ಡಬ್ಬಿಗೆ ಹಾಕುವಾಗಲೂ ಒಂದು ತೊಡಕಿದೆ. ಬಿಸಿ ಪಲ್ಯವನ್ನು ಸ್ಟೀಲ್ ಡಬ್ಬಿಗೆ ತುಂಬಿ ಬಿಗಿದರೆ ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮೇಲೇ ತೊಟ್ಟಿಕ್ಕುತ್ತದೆ. ಬಾಡಿದ ಹೋಳಿನಲ್ಲಿ ಉಳಿದ ಲೋಳೆ ಆ ನೀರು ಕುಡಿದು ಮಧ್ಯಾಹ್ನಕ್ಕೆ ಮತ್ತೆ ಅಂಟಾಗುತ್ತದೆ. ಏಳೂವರೆಗೆ ಕಟ್ಟಬೇಕಾದರೆ ಏಳೂಕಾಲರೊಳಗೆ ಇಳಿಸಿ, ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ತುಂಬಿ. ಆಫೀಸಿನ ಮೈಕ್ರೋವೇವಿನಲ್ಲಿ ಬಿಸಿ ಮಾಡುವುದಿದ್ದರೆ ಡಬ್ಬಿಯಿಂದ ತಟ್ಟೆಗೆ ಹಾಕಿಕೊಂಡು, ಮುಚ್ಚದೆ ಬಿಸಿ ಮಾಡಲಿ.