ಬಡ್ಡಿ, ಸಂಬಳ ಏರಿಕೆ ಕೂಡಿಸಬಹುದೇ?

"ಸಂಬಳ ತಿಂಗಳಿಗೆ 25,000. ನಾನು ಶೇ 10, ಕಂಪನಿ ಶೇ 10 ಭವಿಷ್ಯ ನಿಧಿಗೆ ಹಾಕುತ್ತೇವೆ. ಬಡ್ಡಿ ಶೇ 8, ಸಂಬಳ ಏರಿಕೆ ಶೇ 5. ಎರಡನ್ನೂ ಕೂಡಿಸಿ ಶೇ 13ರಂತೆ ಲೆಕ್ಕ ಹಾಕಿದರೆ 20 ವರ್ಷಕ್ಕೆ 48.57 ಲಕ್ಷ ಬರುತ್ತದೆ. ಸರಿಯೇ?"

ಸರಿಯಲ್ಲ. ಬರುವುದು ಸುಮಾರು 40.15 ಲಕ್ಷ. ಬಡ್ಡಿ ಬೆಳೆಯುವುದು ಕೂಡಿಟ್ಟ ಮೊತ್ತದ ಮೇಲೆ. ಸಂಬಳದ ಏರಿಕೆ ಹಿಗ್ಗಿಸುವುದು ಆಯಾ ವರ್ಷದ ಹೊಸ ವಂತಿಗೆಯನ್ನು ಮಾತ್ರ. ಹಳೆಯ ದುಡ್ಡಿಗೆ ನಿಮ್ಮ ಬಡ್ತಿಯ ಸುದ್ದಿಯೇ ತಿಳಿಯದು!

ಮೊದಲ ವರ್ಷ ಇಬ್ಬರದೂ ಸೇರಿ 60,000. ಎರಡನೇ ವರ್ಷ ಅದು ಬಡ್ಡಿ ಸೇರಿ 64,800 ಆಗುತ್ತದೆ, ಹೊಸ ವಂತಿಗೆ 63,000, ಒಟ್ಟು 1,27,800. ತಮಾಷೆಯೆಂದರೆ ನಿಮ್ಮ ಲೆಕ್ಕದಲ್ಲೂ ಇಲ್ಲಿ ಇಷ್ಟೇ ಬರುತ್ತದೆ. ಹಾಗಾಗಿಯೇ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೂರನೇ ವರ್ಷ ನಿಜವಾದ ಮೊತ್ತ 2,04,174, ನಿಮ್ಮದು 2,04,414. ಈ 240ರ ಬಿರುಕೇ ಇಪ್ಪತ್ತನೇ ವರ್ಷಕ್ಕೆ ಎಂಟು ಲಕ್ಷ ದಾಟುತ್ತದೆ.

ಸೂತ್ರ ಇದು:

```
P × ((1+i)^n − (1+g)^n) / (i − g)
```

P ಮೊದಲ ವರ್ಷದ ಒಟ್ಟು ವಂತಿಗೆ, i ಬಡ್ಡಿ, g ಏರಿಕೆ, n ವರ್ಷಗಳು. ಎರಡೂ ದರ ಒಂದೇ ಆದರೆ ಛೇದ ಸೊನ್ನೆಯಾಗುತ್ತದೆ. ಆಗ `n × P × (1+i)^(n−1)` ಬಳಸಿ.

ಇದು ವಂತಿಗೆ ವರ್ಷದ ಕೊನೆಗೆ ಒಟ್ಟಿಗೆ ಬೀಳುತ್ತದೆ ಎಂದು ಹಿಡಿದ ಲೆಕ್ಕ. ತಿಂಗಳ ಕೊನೆಯಲ್ಲಿ ತುಂಬಿ, ತಿಂಗಳ ಬಾಕಿಗೆ ಬಡ್ಡಿ ಎಣಿಸಿ ವರ್ಷಕ್ಕೊಮ್ಮೆ ಸೇರಿಸಿದರೆ ಮೊದಲ ವರ್ಷದ 60,000ಕ್ಕೇ 2,200 ಬಡ್ಡಿ ಸಿಗುತ್ತದೆ, ಕೊನೆಯ ಮೊತ್ತ 41.6 ಲಕ್ಷದ ಆಸುಪಾಸಿಗೆ ಏರುತ್ತದೆ.