50 ಲಕ್ಷ ಬಂದಾಗ ನನ್ನ ಪಾಲು ಎಷ್ಟು ಉಳಿಯುತ್ತದೆ?

ಪ್ರಶ್ನೆ: ಗೋಣಿಕೊಪ್ಪದಲ್ಲಿ ತಮ್ಮನ ಜೊತೆ ಕಾಫಿ ಹುರಿದು ಆನ್‌ಲೈನ್‌ನಲ್ಲಿ ಮಾರುವ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇನೆ. 14,000 ಷೇರುಗಳಲ್ಲಿ 9,800 ನನ್ನವು, ಉಳಿದವು ಅವನವು. ಹೂಡಿಕೆದಾರರೊಬ್ಬರು ಕಂಪನಿಗೆ 2 ಕೋಟಿ ಬೆಲೆ ಕಟ್ಟಿ, 50 ಲಕ್ಷ ಹಾಕಿ 20 ಪರ್ಸೆಂಟ್ ಕೇಳುತ್ತಿದ್ದಾರೆ. ಅದಕ್ಕೂ ಮೊದಲು ನೌಕರರಿಗೆ ಮುಂದೆ ಕೊಡಲು 10 ಪರ್ಸೆಂಟ್ ಷೇರುಗಳ ಪೂಲ್ ಎತ್ತಿಡಬೇಕಂತೆ. ಕಂಪನಿ ನನ್ನ ಕೈ ತಪ್ಪುತ್ತದಾ?

ಉತ್ತರ: ಇದು ತೋಟ ಪಾಲಾದ ಹಾಗಲ್ಲ. ಪಾಲಾದರೆ ಎಕರೆ ಕಡಿಮೆಯಾಗುತ್ತದೆ, ಅಲ್ವಾ? ಇಲ್ಲಿ ನಿಮ್ಮ 9,800 ಷೇರು ಹಾಗೇ ಇರುತ್ತವೆ. ಕಂಪನಿ ಹೊಸ ಷೇರು ಮಾಡಿ ಅವರಿಗೆ ಕೊಡುತ್ತದೆ, ದುಡ್ಡು ಬರುವುದೂ ಕಂಪನಿ ಖಾತೆಗೇ. ಕಾಫಿ ಪುಡಿಗೆ ಚಿಕೋರಿ ಬೆರೆಸಿದಂತೆ ಅಂದುಕೊಳ್ಳಿ. ಪುಡಿಯ ತೂಕ ಅಷ್ಟೇ ಇದೆ, ಡಬ್ಬದಲ್ಲಿ ಅದರ ಪಾಲು ಮಾತ್ರ ಇಳಿದಿದೆ.

ಪೂಲ್ ಇಲ್ಲದಿದ್ದರೆ ಅವರಿಗೆ 3,500 ಷೇರು ಸಾಕು. ಒಟ್ಟು 17,500ರಲ್ಲಿ ನಿಮ್ಮದು 56 ಪರ್ಸೆಂಟ್. ಪೂಲ್ ಸೇರಿದರೆ ಅವರಿಗೆ 4,000, ಪೂಲ್‌ಗೆ 2,000, ಒಟ್ಟು 20,000. ನಿಮ್ಮದು 49ಕ್ಕೆ ಇಳಿಯಿತು. ಅವರ 20 ಮಾತ್ರ ಅಲುಗಲಿಲ್ಲ. ಪೂಲ್‌ನ ಇಡೀ ಭಾರ ನಿಮ್ಮಿಬ್ಬರ ಮೇಲೆ ಬಿತ್ತು. ಬೆಲೆಯಲ್ಲೂ ಅದು ಕಾಣುತ್ತದೆ. 50 ಲಕ್ಷಕ್ಕೆ 4,000 ಷೇರು ಅಂದರೆ ಷೇರಿಗೆ 1,250 ರೂಪಾಯಿ. ಆ ಲೆಕ್ಕದಲ್ಲಿ ನಿಮ್ಮಿಬ್ಬರ 14,000 ಷೇರಿನ ಬೆಲೆ 1.75 ಕೋಟಿ, 2 ಕೋಟಿ ಅಲ್ಲ. ಚೌಕಾಸಿ ಮಾಡಬೇಕಾದದ್ದು ಇಲ್ಲೇ. ಮುಂದಿನ ಒಂದೂವರೆ ವರ್ಷದಲ್ಲಿ ಯಾರನ್ನು ಸೇರಿಸಿಕೊಳ್ಳುತ್ತೀರಿ, ಯಾರಿಗೆ ಎಷ್ಟು ಷೇರು ಕೊಡಬೇಕಾದೀತು ಎಂದು ಬರೆದು ತೋರಿಸಿ. 5 ಪರ್ಸೆಂಟ್ ಸಾಕು ಎಂದು ಒಪ್ಪಿಸಿದರೆ ನಿಮಗೆ 52.5 ಉಳಿಯುತ್ತದೆ.

49 ಅಂದ ತಕ್ಷಣ ಗಾಬರಿ ಬೇಡ. ನೌಕರರು ದುಡ್ಡು ಕಟ್ಟಿ ಷೇರು ಪಡೆಯುವವರೆಗೆ ಪೂಲ್‌ಗೆ ಓಟಿಲ್ಲ. ಅಲ್ಲಿಯವರೆಗೆ ಓಟಿರುವ 18,000 ಷೇರುಗಳಲ್ಲಿ ನಿಮ್ಮದು ಸುಮಾರು 54 ಪರ್ಸೆಂಟ್. ಮಾಮೂಲಿ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಓಟು ಸಾಕು, ಅದು ನಿಮ್ಮೊಬ್ಬರಲ್ಲೇ ಇದೆ. ಕಂಪನಿಯ ನಿಯಮಾವಳಿ ತಿದ್ದುವಂಥ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಬೇಕು. ಅದಕ್ಕೆ ತಮ್ಮನೂ ಜೊತೆಗಿರಬೇಕು. ಇಬ್ಬರದೂ ಸೇರಿದರೆ ಸುಮಾರು 78. ಅಕ್ಕ ತಮ್ಮ ಬೇರೆಯಾದರೆ ಮಾತ್ರ ಕಷ್ಟ. ಈ ಮಾತನ್ನು ಈಗಲೇ ಮನೆಯಲ್ಲಿ ಕೂತು ಆಡಿ.

ನನಗೆ ಪರ್ಸೆಂಟ್‌ಗಿಂತ ಜಾಸ್ತಿ ಚಿಂತೆ ಒಪ್ಪಂದದ ಇನ್ನೊಂದು ಪುಟದ್ದು. 'ಹೂಡಿಕೆದಾರರ ಒಪ್ಪಿಗೆ ಇಲ್ಲದೆ ಇವನ್ನು ಮಾಡುವಂತಿಲ್ಲ' ಎಂಬ ಪಟ್ಟಿ ಅಲ್ಲಿರುತ್ತದೆ. ಹೊಸ ಷೇರು ಕೊಡುವುದು, ಕಂಪನಿ ಮಾರುವುದು ಅದರಲ್ಲಿರಲಿ, ಅದು ನ್ಯಾಯ. ಆದರೆ ಹುರಿಯುವ ಯಂತ್ರ ಕೊಳ್ಳಲು, ಕೊಯ್ಲಿನ ಹೊತ್ತಿಗೆ ಬೀಜ ಖರೀದಿಗೆ ಬ್ಯಾಂಕ್ ಸಾಲ ಎತ್ತಲೂ ಅವರ ಸಹಿ ಬೇಕು ಅಂತಿದ್ದರೆ, 54 ಪರ್ಸೆಂಟ್ ಇಟ್ಟುಕೊಂಡೂ ನೀವು ಕಾಯುತ್ತಾ ಕೂರಬೇಕಾಗುತ್ತದೆ. ಇಂತಿಷ್ಟು ಲಕ್ಷದವರೆಗೆ ಕೇಳಬೇಕಿಲ್ಲ ಎಂದು ಪ್ರತಿ ಸಾಲಿಗೂ ಮಿತಿ ಬರೆಸಿಕೊಳ್ಳಿ. ಸಹಿ ಹಾಕುವ ಮೊದಲು ಆ ಪುಟವನ್ನು ನಿಮ್ಮ ಕಡೆಯ ವಕೀಲರಿಂದ ಓದಿಸಿ.